ಐದು ಗುಂಟೆಯ ಲೆಕ್ಕ

ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತನ್ನು ಹೊರಗೆ ಹೇಳುವಂತಿಲ್ಲ. ಅಲ್ಲಿ ಕೂತವರು ಹೇಳಬಾರದು, ಕೂರಿಸಿದವರಂತೂ ಹೇಳಲೇಬಾರದು. ಆದ್ದರಿಂದ ಇದು ಕಟ್ಟಿದ ಕಥೆ. ಅಣ್ಣ, ತಮ್ಮ, ಅವರ ಹೊಲ ಎಲ್ಲವೂ ಕಲ್ಪನೆ. ಗುಂಟೆಯ ಲೆಕ್ಕ, ಕಾಯಿದೆ, ಕಾಗದ ಓಡಾಡಿದ ದಾರಿ ಮಾತ್ರ ನಿಜದವು. ಹೆಸರು ಬೇಡ, ಅಣ್ಣ ಮತ್ತು ತಮ್ಮ ಅಂದರೆ ಸಾಕು.

ನಾಲ್ಕು ಎಕರೆಯ ಒಂದು ಸರ್ವೆ ನಂಬರು. 1998ರಲ್ಲಿ ಅಪ್ಪ ಬದುಕಿದ್ದಾಗಲೇ ರಿಜಿಸ್ಟರ್ ವಿಭಾಗ ಪತ್ರ ಮಾಡಿ ಪೂರ್ವದ ಎರಡು ಎಕರೆಯನ್ನು ದೊಡ್ಡವನಿಗೂ ಪಶ್ಚಿಮದ ಎರಡು ಎಕರೆಯನ್ನು ಚಿಕ್ಕವನಿಗೂ ಬರೆದಿದ್ದರು. ಪೂರ್ವದ ಅಂಚಿಗೆ ಊರ ರಸ್ತೆ, ನಡುವೆ ಉತ್ತರ ದಕ್ಷಿಣವಾಗಿ ಒಂದು ಬದು. ತಮ್ಮನ ಹೊಲಕ್ಕೆ ರಸ್ತೆ ಇಲ್ಲ. ಅಣ್ಣನ ಹೊಲದ ಉತ್ತರದ ಅಂಚಿನಲ್ಲೇ ಗಾಡಿ ಹೋಗುತ್ತಿತ್ತು, ಆಮೇಲೆ ಟ್ರಾಕ್ಟರೂ ಹೋಯಿತು. ವಿಭಾಗ ಪತ್ರದಲ್ಲಿ ಆ ದಾರಿಯ ಸುದ್ದಿಯೇ ಇಲ್ಲ. ಒಂದೇ ಮನೆಯಲ್ಲಿ ಉಣ್ಣುವಾಗ ದಾರಿಯನ್ನು ಯಾರು ಬರೆಸುತ್ತಾರೆ?

ಜಗಳ ಶುರುವಾದದ್ದು ಅಣ್ಣ ಸಾಲ ಎತ್ತಲು ಹೋಗಿ ತನ್ನ ಭಾಗವನ್ನು ಅಳೆಸಿದಾಗ. ಟೇಪು ಹಿಡಿದವನು ಖಾಸಗಿಯವನು, ಅಳೆದದ್ದು ರಸ್ತೆಯಿಂದ ಬದುವಿನವರೆಗೆ ಮಾತ್ರ. ಒಂದು ಎಕರೆ ಮೂವತ್ತೈದು ಗುಂಟೆ ಬಂತು. ಎಕರೆಗೆ ನಲವತ್ತು ಗುಂಟೆ, ಅಂದರೆ ಐದು ಗುಂಟೆ ಕಡಿಮೆ. ಪಕ್ಕದಲ್ಲಿ ಇರುವುದು ತಮ್ಮ, ಇನ್ನಾರು ತಿಂದಿರಬೇಕು? ಊರ ಹಿರಿಯರು ಸೇರಿ ಅರ್ಧರ್ಧ ಮಾಡಿಕೊಳ್ಳಿ, ಎರಡೂವರೆ ಗುಂಟೆ ಬಿಟ್ಟುಕೊಡಲಿ ಅಂದರು. ತಪ್ಪು ಲೆಕ್ಕದ ಅರ್ಧವೂ ತಪ್ಪೇ ಎಂದು ಆಗ ಯಾರಿಗೂ ತಿಳಿಯಲಿಲ್ಲ. ಇಬ್ಬರೂ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಅಣ್ಣ ಉತ್ತರದ ದಾರಿಗೆ ಮುಳ್ಳುಬೇಲಿ ಹಾಕಿದ. ತಮ್ಮನ ಟ್ರಾಕ್ಟರು ರಸ್ತೆಯಲ್ಲೇ ನಿಂತಿತು.

2023ರಲ್ಲಿ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ಅಣ್ಣನ ದಾವೆ ಬಿತ್ತು. ಬದುವಿನ ಪಕ್ಕದ ಐದು ಗುಂಟೆ ತನ್ನದೆಂದು ಘೋಷಿಸಿ ಸ್ವಾಧೀನ ಕೊಡಿಸಬೇಕು ಎಂದು ಕೇಳಿದ್ದ. ದಾವೆಯ ಷೆಡ್ಯೂಲಿನಲ್ಲಿ ಆ ಐದು ಗುಂಟೆಯನ್ನು ಬದುವಿನ ಉದ್ದಕ್ಕೂ ಹದಿನಾರೂವರೆ ಅಡಿ ಅಗಲದ ಪಟ್ಟಿ ಎಂದು ಬರೆದಿದ್ದರು. ಬದುವಿನ ಉದ್ದ 330 ಅಡಿ, ಐದು ಗುಂಟೆಗೆ ಭಾಗಿಸಿದರೆ ಅಷ್ಟೇ ಬರುತ್ತದೆ. ನೆಲದಲ್ಲಿ ನೋಡಿ ಬರೆದದ್ದಲ್ಲ, ಕಾಗದದ ಮೇಲೆ ಭಾಗಿಸಿ ಬರೆದದ್ದು. ಈ ಸಣ್ಣ ಸಂಗತಿ ಮುಂದೆ ಕಾಡಲಿದೆ.

ತಮ್ಮನ ವಕೀಲರು ಉತ್ತರ ಹಾಕಿದರು: ಬದು ಇದ್ದಲ್ಲೇ ಇದೆ. ಸರಿದಿದೆ ಅಂದರೂ 2009ರಿಂದ ಎಲ್ಲರ ಕಣ್ಣೆದುರೇ ಅನುಭವದಲ್ಲಿದ್ದೇವೆ, ಹನ್ನೆರಡು ವರ್ಷ ಮೀರಿದೆ, ಅದು ನಮ್ಮದೇ. ಇದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಕೇಳಲು ಸುಲಭ, ರುಜುವಾತು ಮಾಡಲು ಕಷ್ಟ. ಹನ್ನೆರಡು ವರ್ಷ ಉತ್ತರೆ ಸಾಲದು, ನಿಜವಾದ ಮಾಲೀಕನ ಹಕ್ಕನ್ನು ಧಿಕ್ಕರಿಸಿಯೇ ಉತ್ತೆ ಎಂದು ತೋರಿಸಬೇಕು. ಬದು ಎಲ್ಲಿತ್ತೋ ಅಲ್ಲೇ ಇದೆ ಎನ್ನುವವನು ಅದೇ ಉಸಿರಿನಲ್ಲಿ ಅಣ್ಣನ ನೆಲವನ್ನು ಧಿಕ್ಕರಿಸಿ ಹಿಡಿದಿದ್ದೇನೆ ಎಂದರೆ ಸಾಕ್ಷಿಕಟ್ಟೆಯಲ್ಲಿ ತೊಡರುತ್ತಾನೆ. ದಾರಿಯ ವಿಷಯದಲ್ಲಿ ಅಣ್ಣನ ಪಾಡೂ ಅಷ್ಟೆ. ಒಂದೇ ಆಸ್ತಿ ವಿಭಾಗವಾಗಿ ಒಬ್ಬರ ಪಾಲಿಗೆ ದಾರಿಯೇ ಇಲ್ಲದಂತಾದರೆ, ಇನ್ನೊಬ್ಬರ ಪಾಲಿನ ಮೇಲೆ ದಾರಿಯ ಹಕ್ಕು ಹುಟ್ಟುತ್ತದೆ ಎಂದು 1882ರ ಅನುಭೋಗ ಕಾಯಿದೆ ಹೇಳುತ್ತದೆ. ಹೀಗೆ ಇಬ್ಬರ ಕೈಯಲ್ಲೂ ಒಂದೊಂದು ಒಳ್ಳೆಯ ಎಲೆ ಇತ್ತು, ಒಂದೊಂದು ಕೆಟ್ಟದ್ದೂ ಇತ್ತು. ತಡೆಯಾಜ್ಞೆಯ ಅರ್ಜಿ ಬಂದಾಗ ನ್ಯಾಯಾಧೀಶರು ಯಥಾಸ್ಥಿತಿ ಕಾಪಾಡಿ ಎಂದು ಹೇಳಿ, ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿದರು.

ಹಾಗೆ ಕಳಿಸುವುದು ನ್ಯಾಯಾಧೀಶರ ದಾಕ್ಷಿಣ್ಯವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜಿಯಾಗಬಹುದಾದ ಅಂಶ ಕಂಡರೆ ಕೋರ್ಟು ದಾವೆಯನ್ನು ಇಂಥ ಬೇರೆ ದಾರಿಗೆ ಒಪ್ಪಿಸಬಹುದು. 2010ರಲ್ಲಿ ಆಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಯಾವ ಬಗೆಯ ವ್ಯಾಜ್ಯಗಳು ಇದಕ್ಕೆ ಹೊಂದುತ್ತವೆ ಎಂದು ಬಿಡಿಸಿ ಹೇಳಿತು. ಕುಟುಂಬದ ಪಾಲು, ನೆರೆಹೊರೆಯ ಒತ್ತುವರಿ, ದಾರಿಯ ಹಕ್ಕು ಆ ಪಟ್ಟಿಯಲ್ಲಿವೆ. ಅಣ್ಣ ತಮ್ಮಂದಿರದು ಮೂರೂ ಸೇರಿದ್ದು. ಕರ್ನಾಟಕದಲ್ಲಿ 2005ರ ಮಧ್ಯಸ್ಥಿಕೆ ನಿಯಮಗಳ ಪ್ರಕಾರ ಕಾಲ ಅರವತ್ತು ದಿನ, ಬೇಕಾದರೆ ಇನ್ನೂ ಮೂವತ್ತು. ಅಷ್ಟರೊಳಗೆ ಆಗದಿದ್ದರೆ ಕಡತ ಕೋರ್ಟಿಗೆ ವಾಪಸು.

ಮಧ್ಯಸ್ಥಗಾರರಾಗಿ ಬಂದವರು ತರಬೇತಿ ಪಡೆದ ಹಿರಿಯ ವಕೀಲೆ. ಮೊದಲ ದಿನ ಹೇಳಿದ್ದು ಇಷ್ಟು: ನಾನು ತೀರ್ಪು ಕೊಡುವವಳಲ್ಲ. ಇಲ್ಲಿ ನೀವು ಒಪ್ಪಿಕೊಂಡದ್ದನ್ನೋ ಬೈದಾಡಿದ್ದನ್ನೋ ಸಾಹೇಬರಿಗೆ ಬರೆಯುವುದಿಲ್ಲ. ರಾಜಿ ಆದರೆ ರಾಜಿಪತ್ರ ಹೋಗುತ್ತದೆ, ಆಗದಿದ್ದರೆ ಆಗಲಿಲ್ಲ ಎಂಬ ಒಂದು ಸಾಲು ಹೋಗುತ್ತದೆ. ಇದು ಅವರು ಕೊಟ್ಟ ಭಾಷೆಯಷ್ಟೇ ಅಲ್ಲ. ಮಧ್ಯಸ್ಥಗಾರರ ವರದಿಯಲ್ಲಿ ಅದಕ್ಕಿಂತ ಹೆಚ್ಚು ಇರಬಾರದು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಊರ ಪಂಚಾಯ್ತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಪಂಚಾಯ್ತಿಕಟ್ಟೆಯಲ್ಲಿ ಹೌದಪ್ಪ, ಸ್ವಲ್ಪ ಸರಿದಿರಬಹುದು ಎಂದವನ ಮಾತು ಸಂಜೆಯೊಳಗೆ ಊರೆಲ್ಲ ತಿರುಗಿ, ನಾಳೆ ಅವನ ಮೇಲೆಯೇ ಸಾಕ್ಷಿಯಾಗಿ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ.

ಮೊದಲ ಒಪ್ಪಂದ ಆದದ್ದು ಜಮೀನಿನ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ಇಬ್ಬರೂ ಎದುರಿಗಿದ್ದು ಒಮ್ಮೆ ಹದ್ದುಬಸ್ತು ಮಾಡಿಸೋಣ, ಖರ್ಚು ಸಮಪಾಲು. ಈ ಸಲ ಬಂದ ಭೂಮಾಪಕರು ಪಹಣಿ ನೋಡಿ ಅಳೆಯಲಿಲ್ಲ. ಪಹಣಿಯಲ್ಲಿ ವಿಸ್ತೀರ್ಣ ಇರುತ್ತದೆ, ಆಕಾರ ಇರುವುದಿಲ್ಲ. ಅವರು ಟಿಪ್ಪಣಿ ತಂದಿದ್ದರು, ಅಂದರೆ ಹಿಂದೆ ಅಳೆದಾಗ ಬರೆದ ನಕ್ಷೆ. ಅದರಲ್ಲಿ ಮೂಲೆಯಿಂದ ಮೂಲೆಗೆ ಎಷ್ಟು ಸರಪಳಿ ಎಂದು ಇರುತ್ತದೆ. ನಮ್ಮ ಕಡೆಯ ಸರಪಳಿ ಮೂವತ್ತಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಈ ಹೊಲ ಉತ್ತರ ದಕ್ಷಿಣ ಹತ್ತು ಸರಪಳಿ, ಪೂರ್ವ ಪಶ್ಚಿಮ ಹದಿನಾರು ಸರಪಳಿ. ಒಟ್ಟು ನೂರ ಅರವತ್ತು ಗುಂಟೆ, ನಾಲ್ಕು ಎಕರೆ ಸರಿಯಾಯಿತು.

ಆಮೇಲೆ ಅವರು ಹುಡುಕಿದ್ದು ಹಳೆಯ ಬಾಂದು ಕಲ್ಲುಗಳನ್ನು. ಪಶ್ಚಿಮದ ಎರಡು ಮೂಲೆಯ ಕಲ್ಲು ಪೊದೆಯೊಳಗೆ ಇದ್ದಲ್ಲೇ ಇದ್ದವು. ಪೂರ್ವದ ಎರಡೂ ಇಲ್ಲ. ಅಳತೆ ಪಶ್ಚಿಮದಿಂದ ಶುರುವಾಯಿತು. ಎಂಟು ಸರಪಳಿ, ಅಂದರೆ 264 ಅಡಿಗೆ ಇಬ್ಬರ ಗಡಿ ಬರಬೇಕು. ಉತ್ತರದ ತುದಿಯಲ್ಲಿ ಟೇಪು ಸರಿಯಾಗಿ ಬದುವಿನ ಮೇಲೆಯೇ ಬಿತ್ತು. ದಕ್ಷಿಣದ ತುದಿಯಲ್ಲಿ ಬದು ಸಿಕ್ಕಿದ್ದು ಸುಮಾರು 284 ಅಡಿಗೆ. ಬದು ಸರಿದದ್ದು ಪಟ್ಟಿಯಾಗಿ ಅಲ್ಲ, ಬೀಸಣಿಗೆ ಬಿಚ್ಚಿದ ಹಾಗೆ, ಒಂದು ತುದಿಯಲ್ಲಿ ಸೊನ್ನೆ, ಇನ್ನೊಂದು ತುದಿಯಲ್ಲಿ ಇಪ್ಪತ್ತಡಿ. ಆ ತ್ರಿಕೋನದ ವಿಸ್ತೀರ್ಣ ಮೂರು ಗುಂಟೆ. ಹಾಗಾದರೆ ಉಳಿದ ಎರಡು ಗುಂಟೆ? ಟೇಪನ್ನು ಪೂರ್ವಕ್ಕೆ ಎಳೆದಾಗ ಹದಿನಾರನೆಯ ಸರಪಳಿ ಮುಗಿಯುವ ಮೊದಲೇ ಡಾಂಬರು ಸಿಕ್ಕಿತು. ರಸ್ತೆ ಅಗಲವಾದಾಗ ಆರೂವರೆ ಅಡಿಯಷ್ಟು ಹೊಲ ಒಳಗೆ ಸೇರಿ, ಕಲ್ಲುಗಳೂ ಹೋಗಿದ್ದವು. 330 ಅಡಿ ಉದ್ದಕ್ಕೆ ಅದು ಎರಡು ಗುಂಟೆ. ಆ ಖಾಸಗಿ ಅಳತೆಗಾರ ತಪ್ಪು ಅಳೆದಿರಲಿಲ್ಲ. ರಸ್ತೆಯನ್ನೂ ಬದುವನ್ನೂ ಗಡಿ ಎಂದು ನಂಬಿದ್ದ, ಅಷ್ಟೆ.

ಅಣ್ಣ ನಕ್ಷೆಯನ್ನು ಬಹಳ ಹೊತ್ತು ನೋಡಿದ. ರಸ್ತೆಗೆ ಹೋದದ್ದು ನನ್ನೊಬ್ಬನದೇ ಯಾಕೆ, ಒಂದೊಂದು ಗುಂಟೆ ಹಂಚಿಕೊಳ್ಳೋಣ ಅಂದ. ನ್ಯಾಯವೆಂದೇ ಕಾಣುವ ಮಾತು. ಆದರೆ ವಿಭಾಗ ಪತ್ರದ ಚಕ್ಕುಬಂದಿಯಲ್ಲಿ ಅವನ ಪೂರ್ವಕ್ಕೆ ರಸ್ತೆ ಎಂದಿದೆ, ತಮ್ಮನ ಪೂರ್ವಕ್ಕೆ ಅಣ್ಣನ ಜಮೀನು ಎಂದಿದೆ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ಹೊಂದದೆ ಹೋದಾಗ ಸ್ಪಷ್ಟವಾದ ಚಕ್ಕುಬಂದಿಯ ಕಡೆಗೇ ಕೋರ್ಟುಗಳು ಸಾಮಾನ್ಯವಾಗಿ ವಾಲುತ್ತವೆ. ರಸ್ತೆಯ ಎರಡು ಗುಂಟೆಗೆ ಅವನು ಕೇಳಬೇಕಾದದ್ದು ರಸ್ತೆ ಮಾಡಿದವರನ್ನು. ಅವರು ಈ ದಾವೆಯಲ್ಲಿ ಪಕ್ಷಗಾರರೇ ಅಲ್ಲ.

ಐದು ಮೂರಾಯಿತು. ಇನ್ನೇನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ತಮ್ಮ ಜಗ್ಗಲಿಲ್ಲ. ಆ ತ್ರಿಕೋನದಲ್ಲಿ ಅವನು ಇಟ್ಟ ಐದು ತೆಂಗಿನ ಮರ ಫಲಕ್ಕೆ ಬಂದಿದ್ದವು.

ಮಧ್ಯಸ್ಥಗಾರ್ತಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿದರು. ಅಣ್ಣನನ್ನು ಕೇಳಿದ ಪ್ರಶ್ನೆ, ಬದು ಸರಿದದ್ದು ನಿಮಗೆ ಗೊತ್ತಾದದ್ದು ಯಾವಾಗ? ಅವನು 2009ರ ಮಳೆಗಾಲಕ್ಕೆ ಹೋದ. ದಕ್ಷಿಣದ ಕಡೆ ನೀರು ನುಗ್ಗಿ ಬದು ಕೊಚ್ಚಿಹೋಗಿತ್ತು. ಅವನು ಆಗ ಹೆಂಡತಿಯನ್ನು ಸೇರಿಸಿ ಮೈಸೂರಿನ ಆಸ್ಪತ್ರೆಯಲ್ಲಿದ್ದ. ಬದುವಿನ ಖರ್ಚಿಗೆ ಎಂದು ಊರವರೊಬ್ಬರ ಕೈಯಲ್ಲಿ ಎರಡು ಸಾವಿರ ಕಳಿಸಿದ. ತಮ್ಮ ಅದನ್ನು ಹಾಗೇ ವಾಪಸು ಕಳಿಸಿದ. “ನನ್ನ ದುಡ್ಡು ಮುಟ್ಟಿದ್ರೆ ಬದು ಇಬ್ರುದೂ ಆಗ್ತಿತ್ತಲ್ಲ ಮೇಡಂ. ಅವತ್ತೇ ಲೆಕ್ಕ ಹಾಕಿದ್ದಾನೆ ಅವನು.”

ತಮ್ಮನ ಸರದಿ ಬಂದಾಗ ಅವರು ಆ ಎರಡು ಸಾವಿರದ ಮಾತೆತ್ತಲಿಲ್ಲ. ಒಬ್ಬರು ಒಳಗೆ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಬದು ಹಾಕಿದ ವರ್ಷ ಏನಾಯಿತು ಹೇಳಿ ಎಂದಷ್ಟೇ ಕೇಳಿದರು. ಅವನಾಗೇ ಹೇಳಿದ: “ಅತ್ತಿಗೆ ಆಸ್ಪತ್ರೇಲಿ ಮಲಗಿದ್ರು. ಅಂಥ ಹೊತ್ತಲ್ಲಿ ಅಣ್ಣ ದುಡ್ಡು ಕಳಿಸಿದ್ದ. ನಾನು ಹೆಂಗೆ ಇಸ್ಕೊಳ್ಳಲಿ?” ಬದು ಎಲ್ಲಿತ್ತು ಎಂದು ಕೊಚ್ಚಿಹೋದ ನೆಲದಲ್ಲಿ ಗುರುತು ಸಿಗಲಿಲ್ಲ, ಆಳುಗಳಿಗೆ ಕಣ್ಣಳತೆಯಲ್ಲಿ ತೋರಿಸಿದೆ ಅಂದ.

“ಇದನ್ನು ನಿಮ್ಮಣ್ಣನಿಗೆ ಹೇಳಬಹುದಾ?”

“ಹೇಳಿ. ಆದ್ರೆ ನಾನು ಹೇಳಿ ಕಳಿಸಿದೆ ಅನ್ನಬೇಡಿ.”

ಇದರಿಂದ ಅಣ್ಣ ತಮ್ಮ ತಬ್ಬಿಕೊಂಡರು ಎಂದು ಬರೆದರೆ ಸಿನಿಮಾ ಆಗುತ್ತದೆ. ಆದದ್ದು ಅಷ್ಟಲ್ಲ. ಅಣ್ಣ ಒತ್ತುವರಿ ಎಂಬ ಮಾತು ಬಿಟ್ಟು ತಪ್ಪು ಎನ್ನತೊಡಗಿದ. ಕಳ್ಳ ಎಂದು ಕರೆಸಿಕೊಂಡವನು ಒಂದಡಿಯನ್ನೂ ಬಿಡಲಾರ, ಬಿಟ್ಟರೆ ಕದ್ದದ್ದು ನಿಜವೆಂದಾಗುತ್ತದೆ. ತಪ್ಪಾಗಿದೆ ಎಂದರೆ ಸರಿಪಡಿಸಬಹುದು. ಅಣ್ಣನಿಗೆ ಬೇಕಾದದ್ದು ನೆಲ, ತಮ್ಮನಿಗೆ ಬೇಕಾದದ್ದು ದಾರಿ. ಮೂರನೆಯ ಸಭೆಯಲ್ಲಿ ಎರಡೂ ಮೇಜಿನ ಮೇಲೆ ಬಂದವು.

ಇಲ್ಲಿಂದ ಮುಂದೆ ಬಹಳ ರಾಜಿಗಳು ಕೆಡುತ್ತವೆ. ಮನಸ್ಸು ಹದವಾಗಿರುವಾಗ ಯಾರಿಗೂ ಕಾಗದ ಬರೆಯುವ ತಾಳ್ಮೆ ಇರುವುದಿಲ್ಲ. ಮೊದಲ ಕರಡಿನಲ್ಲಿ, ಉಭಯ ಪಕ್ಷದವರು ಹಿಂದಿನ ಗಡಿಗೆ ಬದ್ಧರಾಗಿರತಕ್ಕದ್ದು ಎಂದು ಟೈಪಾಗಿತ್ತು. ಹಿಂದಿನ ಗಡಿ ಯಾವುದು, 1998ರದೋ 2009ರದೋ ಎಂದು ಮಧ್ಯಸ್ಥಗಾರ್ತಿ ಕೇಳಿದರು. ಜಗಳ ಇದ್ದದ್ದೇ ಅದರ ಮೇಲೆ. ಇಂಥ ಸಾಲಿಗೆ ಡಿಕ್ರಿ ಸಿಕ್ಕರೆ ಅದನ್ನು ಜಾರಿ ಮಾಡಲು ಬಂದ ಅಮೀನನಿಗೆ ಎಲ್ಲಿ ಕಲ್ಲು ನೆಡಬೇಕು ಎಂದೇ ತಿಳಿಯುವುದಿಲ್ಲ. ತಿದ್ದಿದ ಸಾಲು ಹೀಗಾಯಿತು: ವಾಯವ್ಯ ಮೂಲೆಯ ಬಾಂದು ಕಲ್ಲಿನಿಂದ ಪೂರ್ವಕ್ಕೆ 264 ಅಡಿಯ ಬಿಂದು, ನೈರುತ್ಯ ಮೂಲೆಯ ಕಲ್ಲಿನಿಂದ ಪೂರ್ವಕ್ಕೆ 264 ಅಡಿಯ ಬಿಂದು, ಇವೆರಡರ ನಡುವಿನ ನೇರ ಗೆರೆಯೇ ಗಡಿ. ಭೂಮಾಪಕರ ನಕ್ಷೆ ಲಗತ್ತು.

ತೆಂಗಿನ ಮರಗಳದ್ದು ಇನ್ನೊಂದು ಪಾಠ. ಮೂರು ವರ್ಷ ಕಾಯಿ ನಾನೇ ಕೊಯ್ದುಕೊಳ್ಳುತ್ತೇನೆ, ಆಮೇಲೆ ಮರ ಅಣ್ಣನದು ಎಂದು ತಮ್ಮ ಕೇಳಿದ, ಅಣ್ಣನೂ ಹೂಂ ಅಂದಿದ್ದ. ಕೇಳಲು ಸೊಗಸಾಗಿದೆ. ಆದರೆ ಕಾಯಿ ಕೊಯ್ಯಲು ಮತ್ತೆ ಬದು ದಾಟಬೇಕು. ಯಾವ ತಿಂಗಳು, ಯಾರು ಹತ್ತಬೇಕು, ಉದುರಿದ ಕಾಯಿ ಯಾರದು? ಮೂರು ವರ್ಷಕ್ಕೆ ಮೂವತ್ತು ಜಗಳ. ಅದರ ಬದಲು ಐದು ಮರಕ್ಕೆ ಸೇರಿ ನಲವತ್ತು ಸಾವಿರ ರೂಪಾಯಿಯನ್ನು ಅಣ್ಣ ಬ್ಯಾಂಕಿನ ಮೂಲಕ ತಮ್ಮನಿಗೆ ಕೊಡುವುದು, ರಾಜಿಗೆ ಸಹಿ ಹಾಕುವ ದಿನವೇ. ಅಲ್ಲಿಗೆ ಮರ ಮತ್ತು ನೆಲ ಎರಡೂ ಅಣ್ಣನವು. ಬಾಂಧವ್ಯ ಉಳಿಯಲಿ ಎಂದು ಕೊಡುಕೊಳ್ಳುವಿಕೆಯನ್ನು ವರ್ಷಗಟ್ಟಲೆ ಎಳೆಯುವ ರಾಜಿಗಿಂತ ಒಂದೇ ದಿನಕ್ಕೆ ಮುಗಿಯುವ ರಾಜಿ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ದಾರಿಯನ್ನು ಉತ್ತರದ ಅಂಚಿನಲ್ಲಿ ಹತ್ತಡಿ ಅಗಲ, ರಸ್ತೆಯಿಂದ ತಮ್ಮನ ಗಡಿಯವರೆಗೆ ಸುಮಾರು 257 ಅಡಿ ಎಂದು ನಿಶ್ಚಯಿಸಿದರು. ನೆಲ ಅಣ್ಣನದೇ, ಓಡಾಡುವ ಹಕ್ಕು ತಮ್ಮನದು, ಅವನ ಮುಂದಿನವರದೂ. ಮುಳ್ಳುಬೇಲಿ ಹದಿನೈದು ದಿನದಲ್ಲಿ ತೆಗೆಯಬೇಕು. ಇಲ್ಲಿ ತಮ್ಮನ ವಕೀಲರು ಒಂದು ತೊಡಕು ಎತ್ತಿದರು, ಎತ್ತಿದ್ದು ಒಳ್ಳೆಯದಾಯಿತು. ದಾವೆಯ ಷೆಡ್ಯೂಲಿನಲ್ಲಿ ಇರುವುದು ಬದುವಿನ ಪಕ್ಕದ ಐದು ಗುಂಟೆ ಮಾತ್ರ. ದಾರಿ ಅದರಲ್ಲಿ ಇಲ್ಲ. ರಾಜಿಯಲ್ಲಿ ದಾವೆಗೆ ಹೊರಗಿನ ಸಂಗತಿಯನ್ನೂ ಸೇರಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ನೋಂದಣಿ ಕಾಯಿದೆಯ 17ನೇ ಕಲಂ ಕೋರ್ಟಿನ ರಾಜಿ ಡಿಕ್ರಿಗೆ ಕೊಟ್ಟಿರುವ ವಿನಾಯಿತಿ, ದಾವೆಯಲ್ಲಿ ಇರುವ ಸ್ಥಿರಾಸ್ತಿಗೆ ಮಾತ್ರ. ಹೊರಗಿನ ಆಸ್ತಿಯಲ್ಲಿ ಹೊಸ ಹಕ್ಕು ಹುಟ್ಟಿಸಿದರೆ ಅಷ್ಟರ ಮಟ್ಟಿಗೆ ರಿಜಿಸ್ಟರ್ ಆಗಬೇಕು. ಕೋರ್ಟಿನ ಮೊಹರು ಬಿದ್ದಿದೆಯಲ್ಲ ಎಂದು ನಂಬಿ ಕೂತವರು, ಮುಂದೊಂದು ದಿನ ಹೊಲ ಮಾರಲು ಹೋದಾಗ ಕಾಗದ ಸಾಲದು ಎಂದು ತಿಳಿದು ಮರುಗುತ್ತಾರೆ.

ಆದ್ದರಿಂದ ದಾರಿಯ ಹಕ್ಕನ್ನು ಅಣ್ಣ ಮೂವತ್ತು ದಿನದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆದುಕೊಡಬೇಕು, ಖರ್ಚು ತಮ್ಮನದು ಎಂಬ ಷರತ್ತು ಸೇರಿತು. ಬರೆದುಕೊಡದೆ ಹೋದರೆ? ಡಿಕ್ರಿ ಹಿಡಿದು ಜಾರಿಗೆ ಹಾಕಿದರೆ ಅವನ ಪರವಾಗಿ ಕೋರ್ಟೇ ಪತ್ರ ಮಾಡಿಸಿಕೊಡಬಲ್ಲದು.

ಹದಿನಾರೂವರೆ ಅಡಿಯ ಪಟ್ಟಿ ನೆನಪಿದೆಯೆ? ನಿಜವಾದ ತ್ರಿಕೋನ ದಕ್ಷಿಣದ ತುದಿಯಲ್ಲಿ ಇಪ್ಪತ್ತಡಿ ಇತ್ತು. ಅಂದರೆ ಒಂದು ಚೂರು ನೆಲ ಷೆಡ್ಯೂಲಿನ ಹೊರಗೆ ಉಳಿಯುತ್ತಿತ್ತು. ಅಣ್ಣನ ವಕೀಲರು ಸ್ವಲ್ಪ ಮುಜುಗರದಿಂದಲೇ ತಿದ್ದುಪಡಿ ಅರ್ಜಿ ಹಾಕಿ, ಭೂಮಾಪಕರ ನಕ್ಷೆಯಂತೆ ಷೆಡ್ಯೂಲು ಸರಿಮಾಡಿದರು. ತಮ್ಮ ಆಕ್ಷೇಪಿಸಲಿಲ್ಲ.

ಕೋರ್ಟಿನ ದಿನ ಬಹಳ ಹೊತ್ತು ಹಿಡಿಯಲಿಲ್ಲ. ಸಂಹಿತೆಯ 23ನೇ ಆದೇಶದ 3ನೇ ನಿಯಮದಂತೆ ರಾಜಿ ಬರವಣಿಗೆಯಲ್ಲಿರಬೇಕು, ಪಕ್ಷಗಾರರು ಸಹಿ ಮಾಡಿರಬೇಕು, ಕಾನೂನಿಗೆ ವಿರುದ್ಧವಾಗಿರಬಾರದು. ನ್ಯಾಯಾಧೀಶರು ಇಬ್ಬರನ್ನೂ ಮುಂದೆ ಕರೆದು, ಓದಿಸಿ ಕೇಳಿದ್ದೀರಾ, ಯಾರಾದರೂ ಬಲವಂತ ಮಾಡಿದ್ದಾರಾ ಎಂದು ಕನ್ನಡದಲ್ಲಿ ವಿಚಾರಿಸಿದರು. ಪುಟ ಮಗುಚಿ, ರಾಜಿಪತ್ರಕ್ಕೆ ಸಹಿ ಇದೆ, ನಕ್ಷೆಗೆ ಯಾಕಿಲ್ಲ ಎಂದು ಕೇಳಿದರು. ಅಲ್ಲೇ ನಿಂತು ಇಬ್ಬರೂ ನಕ್ಷೆಯ ಕೆಳಗೆ ರುಜು ಹಾಕಿದರು. ರಾಜಿಯನ್ನು ದಾಖಲಿಸಿದೆ, ಅದರಂತೆ ಡಿಕ್ರಿ, ನಕ್ಷೆ ಡಿಕ್ರಿಯ ಭಾಗ ಎಂದು ಆದೇಶವಾಯಿತು.

ಆ ಆದೇಶದ ತೂಕ ಸಹಿ ಹಾಕುವಾಗ ತಿಳಿದಿರಬೇಕು. ಒಪ್ಪಿಗೆಯ ಡಿಕ್ರಿಯ ಮೇಲೆ ಅಪೀಲು ಇಲ್ಲ. ರಾಜಿ ಕಾನೂನುಬದ್ಧವಾಗಿರಲಿಲ್ಲ, ಮೋಸದಿಂದ ಆಯಿತು ಎಂದು ಹೊಸ ದಾವೆ ಹಾಕುವಂತೆಯೂ ಇಲ್ಲ. ಅಂಥ ದೂರು ಇದ್ದರೆ ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಿ ಹೇಳಿಕೊಳ್ಳಬೇಕು. ಆ ದಿನ ಹೆಂಡತಿಗೆ ಇಷ್ಟವಿರಲಿಲ್ಲ, ಮಗ ಬೇಡ ಅಂದ ಎಂಬುದು ನಡೆಯುವುದಿಲ್ಲ. ಹಾಗೆಯೇ ಡಿಕ್ರಿ ಬಂದ ಮಾತ್ರಕ್ಕೆ ಪಹಣಿಯಾಗಲಿ ಸರ್ವೆ ನಕ್ಷೆಯಾಗಲಿ ತಾನೇ ಬದಲಾಗುವುದಿಲ್ಲ. ದೃಢೀಕೃತ ನಕಲು ಮತ್ತು ನಕ್ಷೆ ಇಟ್ಟುಕೊಂಡು ಪೋಡಿಗೆ ಬೇರೆ ಅರ್ಜಿ ಹಾಕಬೇಕು. ಕೋರ್ಟು ಫೀ ವಾಪಸಿಗೂ ಅರ್ಜಿ ಬೇಕು, ಯಾರೂ ಮನೆಗೆ ತಂದು ಕೊಡುವುದಿಲ್ಲ.

ಕಲ್ಲು ನೆಡುವ ದಿನ ಭೂಮಾಪಕರು ದಕ್ಷಿಣದ ತುದಿಗೆ ಟೇಪು ಎಳೆದರೆ, 264ನೇ ಅಡಿ ಸರಿಯಾಗಿ ತಮ್ಮನ ಬೋರಿನ ಪೈಪಿನ ಮೇಲೆ ಬಿತ್ತು. ಗುಂಡಿ ತೋಡಿದರೆ ಪೈಪು ಒಡೆಯುತ್ತದೆ. ಅವರು ಕಲ್ಲನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಸರಿಸದೆ, ಗಡಿಗೆರೆಯ ಮೇಲೆಯೇ ಒಂದಡಿ ಉತ್ತರಕ್ಕೆ ತಂದು ನೆಡಿಸಿದರು. ಗೆರೆ ಅದೇ, ಕಲ್ಲು ಮಾತ್ರ ಒಂದಡಿ ಒಳಗೆ. ಆಮೇಲೆ ನಕ್ಷೆಯ ಅಂಚಿನಲ್ಲಿ ಅದನ್ನು ಬರೆದು ಇಬ್ಬರ ಮುಂದೂ ಪೆನ್ನು ಹಿಡಿದರು.

“ಒಂದಡಿ ತಾನೆ, ಬಿಡಿ ಸಾರ್” ಅಂದ ತಮ್ಮ.

“ಬಿಟ್ಟೇ ನೀವು ಇಲ್ಲೀವರೆಗೆ ಬಂದಿರೋದು. ಹಾಕಿ ಸಹಿ” ಅಂದರು ಅವರು.

ಅಣ್ಣ ಮೊದಲು ಹಾಕಿದ, ಪೆನ್ನನ್ನು ತಮ್ಮನ ಕೈಗೆ ಕೊಟ್ಟ.